ಇಡುಗಂಟು ಬಂತು, ಮಾರ್ಕೆಟ್ಟು ಮೇಲಿದೆ: ಒಂದೇ ಸಲ ಹಾಕೋದಾ, ಕಂತಿನಲ್ಲಾ?

ವೀಕ್ಷಕರೇ, 2024ರ ಸೆಪ್ಟೆಂಬರ್ ಕೊನೆಯ ವಾರ. ನಿಫ್ಟಿ 26 ಸಾವಿರ ದಾಟಿತ್ತು. ನಮ್ಮ ಪರದೆಯ ಮೇಲೂ ‘ಸಾರ್ವಕಾಲಿಕ ದಾಖಲೆ’ ಅಂತ ದಪ್ಪ ಅಕ್ಷರದ ಪಟ್ಟಿ ಓಡ್ತಾ ಇತ್ತು. ಕಾರ್ಯಕ್ರಮ ಮುಗಿಸಿ ಹೊರಗೆ ಬಂದರೆ ಒಂದು ಫೋನು. ಬೋರನಕಣಿವೆ ಕಡೆಯವರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಸುವರ್ಣಮುಖಿ ನದಿಗೆ ಮೈಸೂರು ಅರಸರ ಕಾಲದಲ್ಲಿ ಅಣೆಕಟ್ಟೆ ಕಟ್ಟಿದ್ದಾರಲ್ಲ, ಆ ಬೋರನಕಣಿವೆ. ತೆಂಗಿನ ಸೀಮೆ. ಅವರ ತೋಟದ ಒಂದು ಭಾಗ ಸರ್ಕಾರಿ ಕಾಮಗಾರಿಗೆ ಹೋಗಿತ್ತು. ಮರಗಳ ಲೆಕ್ಕ ಸೇರಿಸಿ 60 ಲಕ್ಷ ಪರಿಹಾರ ಬ್ಯಾಂಕ್ ಖಾತೆಗೆ ಬಂದಿತ್ತು.

ಅವರ ಪ್ರಶ್ನೆ ನೇರವಾಗಿತ್ತು. “ಸಾರ್, ದುಡ್ಡು ಬಂದೈತೆ. ಮಗ ಬೆಂಗಳೂರಿಂದ ಫೋನ್ ಮಾಡಿ ಮ್ಯೂಚುವಲ್ ಫಂಡ್‌ಗೆ ಹಾಕಪ್ಪ ಅಂತಾನೆ. ನೀವು ನೋಡಿದ್ರೆ ಮಾರ್ಕೆಟ್ಟು ಹಿಂದೆಂದೂ ಇಲ್ಲದಷ್ಟು ಮೇಲೈತೆ ಅಂತ ಟಿವೀಲಿ ಹೇಳ್ತೀರ. ಈಗ ಒಂದೇ ಸಲ ಹಾಕ್ಬಿಡ್ಲೋ, ಸ್ವಲ್ಪ ಸ್ವಲ್ಪ ಹಾಕ್ಲೋ, ಇಲ್ಲ ಬೀಳೋವರ್ಗೂ ಕಾಯ್ಲೋ?”

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಭಾಗದಲ್ಲಿ ಈ ಪ್ರಶ್ನೆ ಇವರೊಬ್ಬರದ್ದಲ್ಲ. ತುಮಕೂರು–ಶಿವಮೊಗ್ಗ ಹೆದ್ದಾರಿ ಅಗಲ ಆಯಿತು, ಎತ್ತಿನಹೊಳೆ ಕಾಲುವೆ ಬಂತು. ಜೀವಮಾನದಲ್ಲಿ ಒಂದೇ ಸಲ ಬರುವ ಗಂಟು ಅದು. ವರ್ಷ ವರ್ಷ ಕಾಯಿ ಬಿಡುತ್ತಿದ್ದ ಮರ ಹೋಗಿ ಅದರ ಜಾಗಕ್ಕೆ ದುಡ್ಡು ಬಂದಿದೆ. ಆ ದುಡ್ಡು ಮರದ ಹಾಗೆ ಕಾಯಿ ಬಿಡಬೇಕು. ಎಡವಿದರೆ ಇನ್ನೊಂದು ಮರ ಇಲ್ಲ.

ಮೊದಲು ಅವರಿಗೆ ನಾನು ಕೇಳಿದ್ದು ಮಾರ್ಕೆಟ್ಟಿನ ಮಾತಲ್ಲ, ಮನೆ ಮಾತು. “ಯಜಮಾನ್ರೇ, ಸಾಲ ಎಷ್ಟಿದೆ?” ಅಂದೆ. ಸೊಸೈಟಿ ಸಾಲ, ಒಡವೆ ಸಾಲ ಸೇರಿ 12 ಲಕ್ಷ. ಮೂರು ವರ್ಷದೊಳಗೆ ಮಗಳ ಓದು, ಮದುವೆಗೆ 10 ಲಕ್ಷ. ಉಳಿದ ತೋಟಕ್ಕೆ ಹೊಸ ಬೋರ್‌ವೆಲ್, ಹನಿ ನೀರಾವರಿ, ಸಸಿ, ಅವು ಫಸಲಿಗೆ ಬರುವ ತನಕದ ಖರ್ಚು ಅಂತ 14 ಲಕ್ಷ. ಒಟ್ಟು 36 ಲಕ್ಷ ಆಯಿತು. ಈ 36 ಲಕ್ಷಕ್ಕೂ ಷೇರು ಪೇಟೆಗೂ ಸಂಬಂಧವೇ ಇಲ್ಲ. ಮಾರ್ಕೆಟ್ಟು ಅಗ್ಗವಿದ್ದರೂ ಇಲ್ಲ, ದುಬಾರಿ ಇದ್ದರೂ ಇಲ್ಲ. ಹತ್ತು ವರ್ಷ ಮುಟ್ಟದೆ ಇರಬಹುದಾದದ್ದು ಉಳಿದ 24 ಲಕ್ಷ. ನಮ್ಮ ಪ್ರಶ್ನೆ ಇರುವುದು ಇದರ ಬಗ್ಗೆ ಮಾತ್ರ.

ಈಗ ಕೇಳಿದ ಪ್ರಶ್ನೆಗೆ ಬರೋಣ. ಎರಡು ವರ್ಷಗಳನ್ನ ತಗೊಳ್ತೀನಿ. ಎರಡೂ ಸಲ ‘ಮಾರ್ಕೆಟ್ಟು ದುಬಾರಿ’ ಅಂತ ಊರೆಲ್ಲ ಮಾತಾಡುತ್ತಿತ್ತು.

ಮೊದಲನೆಯದು 2007ರ ಡಿಸೆಂಬರ್ ಕೊನೆ. ನಿಫ್ಟಿ 6,138ರಲ್ಲಿತ್ತು. ಒಬ್ಬರು ಆ ದಿನ 24 ಲಕ್ಷವನ್ನೂ ಒಟ್ಟಿಗೆ ಹಾಕಿದರು ಅಂದುಕೊಳ್ಳಿ. ಇನ್ನೊಬ್ಬರು ತಿಂಗಳಿಗೆ 2 ಲಕ್ಷದಂತೆ, ಪ್ರತಿ ತಿಂಗಳ ಕೊನೆಯ ದಿನ, 12 ಕಂತು ಹಾಕಿದರು. ಮುಂದೆ ಏನಾಯಿತು ನಿಮಗೆ ಗೊತ್ತು. ಅಮೆರಿಕದಲ್ಲಿ ಲೆಹ್ಮನ್ ಬ್ರದರ್ಸ್ ಬಿತ್ತು, ಇಲ್ಲೂ ಪೇಟೆ ಕುಸಿಯಿತು. 2008ರ ನವೆಂಬರ್ ಕೊನೆಗೆ ನಿಫ್ಟಿ 2,755. ವರ್ಷದ ಕೊನೆಗೆ ಒಟ್ಟಿಗೆ ಹಾಕಿದವರ 24 ಲಕ್ಷ ಸುಮಾರು ಹನ್ನೊಂದೂವರೆ ಲಕ್ಷವಾಗಿತ್ತು. ಕಂತಿನವರದ್ದು ಸುಮಾರು 16 ಮುಕ್ಕಾಲು ಲಕ್ಷ. ಇಬ್ಬರಿಗೂ ನಷ್ಟವೇ, ಆದರೆ ನಡುವೆ ಐದು ಲಕ್ಷಕ್ಕೂ ಹೆಚ್ಚಿನ ಅಂತರ. 2010ರ ಕೊನೆಗೆ ನಿಫ್ಟಿ ಮತ್ತೆ ಹಳೇ ಜಾಗಕ್ಕೆ ಬಂದಾಗ ಒಟ್ಟಿಗೆ ಹಾಕಿದವರ ಅಸಲು ಅಷ್ಟಕ್ಕಷ್ಟೇ ವಾಪಸ್ ಬಂದಿತ್ತು. ಕಂತಿನವರ ಹತ್ತಿರ ಸುಮಾರು 34 ಮುಕ್ಕಾಲು ಲಕ್ಷ ಇತ್ತು.

ಹೇಗೆ? ಮೊದಲ ಕಂತಿನ 2 ಲಕ್ಷಕ್ಕೆ ಎಷ್ಟು ಯೂನಿಟ್ ಸಿಕ್ಕಿತ್ತೋ, ಕೊನೆಯ ಎರಡು ಕಂತುಗಳಲ್ಲಿ ಅದೇ 2 ಲಕ್ಷಕ್ಕೆ ಅದರ ಎರಡರಷ್ಟಕ್ಕಿಂತ ಹೆಚ್ಚು ಸಿಕ್ಕಿತು. ಕಂತಿನ ಗುಟ್ಟು ಇಷ್ಟೇ. ಬೆಲೆ ಬಿದ್ದಾಗ ಅದೇ ದುಡ್ಡಿಗೆ ಜಾಸ್ತಿ ಬರುತ್ತೆ.

ಇಲ್ಲಿಗೆ ನಿಲ್ಲಿಸಿದರೆ ಕಂತೇ ಜಾಣತನ ಅಂತ ಚಪ್ಪಾಳೆ ತಟ್ಟಿ ಎದ್ದು ಹೋಗಬಹುದು. ಬಹಳ ಜನ ನಿಲ್ಲಿಸುವುದೂ ಇಲ್ಲಿಗೇ. ಆದರೆ ಎರಡನೇ ವರ್ಷವನ್ನೂ ನೋಡಿ.

2020ರ ಡಿಸೆಂಬರ್ ಕೊನೆ. ಕೊರೊನಾ ಇನ್ನೂ ಹೋಗಿಲ್ಲ, ಅಂಗಡಿಗಳು ಸರಿಯಾಗಿ ತೆರೆದಿಲ್ಲ, ನಿಫ್ಟಿ ಮಾತ್ರ 13,981. ಜನವರಿಯಲ್ಲಿ ಸೆನ್ಸೆಕ್ಸ್ 50 ಸಾವಿರ ಮುಟ್ಟಿತು. ಇದು ಗುಳ್ಳೆ, ಒಡೆಯುತ್ತೆ ಅಂತ ಸ್ಟುಡಿಯೊದಲ್ಲಿ ಕೂತು ಹೇಳಿದವರು ಎಷ್ಟು ಜನ! ಆವತ್ತು 24 ಲಕ್ಷ ಒಟ್ಟಿಗೆ ಹಾಕಿದವರ ಹತ್ತಿರ 2021ರ ಕೊನೆಗೆ ಸುಮಾರು 29 ಲಕ್ಷದ 80 ಸಾವಿರ ಇತ್ತು. 12 ಕಂತು ಮಾಡಿದವರ ಹತ್ತಿರ 26 ಲಕ್ಷದ 80 ಸಾವಿರ. ಹುಷಾರಾಗಿದ್ದದ್ದಕ್ಕೆ ತೆತ್ತ ಬೆಲೆ 3 ಲಕ್ಷ. ಕಾಯುತ್ತಿದ್ದ ದುಡ್ಡಿಗೆ ಬಂದ ಬಡ್ಡಿ ಇದರಲ್ಲಿ ಸಣ್ಣ ಪಾಲನ್ನ ಮಾತ್ರ ತುಂಬಿಕೊಡುತ್ತೆ. ಇನ್ನು ಬೀಳಲಿ ಆಮೇಲೆ ಹಾಕೋಣ ಅಂತ ಪೂರ್ತಿ ಕಾದವರ ಕಥೆ ಕೇಳಲೇಬೇಡಿ. 13 ಸಾವಿರದ ನಿಫ್ಟಿ ಆಮೇಲೆ ಕಣ್ಣಿಗೇ ಬೀಳಲಿಲ್ಲ.

ಹಾಗಾದರೆ ಯಾವುದು ಹೆಚ್ಚು ಸಲ ಗೆಲ್ಲುತ್ತೆ? ವ್ಯಾನ್‌ಗಾರ್ಡ್ ಅನ್ನುವ ಅಮೆರಿಕದ ದೊಡ್ಡ ಫಂಡ್ ಕಂಪನಿ 2012ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮೂರೂ ದೇಶಗಳ ಹಳೇ ಲೆಕ್ಕ ತೆಗೆದು ನೋಡಿತು. ಸುಮಾರು ಮೂರರಲ್ಲಿ ಎರಡು ಸಲ ಒಟ್ಟಿಗೆ ಹಾಕಿದ್ದೇ ಒಂದು ವರ್ಷದ ಕಂತಿಗಿಂತ ಮೇಲಾಗಿತ್ತು. ಕಾರಣ ಸರಳ. ಷೇರು ಪೇಟೆ ಬೀಳುವ ವರ್ಷಗಳಿಗಿಂತ ಏಳುವ ವರ್ಷಗಳು ಜಾಸ್ತಿ.

ಇದನ್ನ ಹೇಳಿದಾಗ ಫೋನಿನಲ್ಲಿದ್ದವರು ಒಪ್ಪಲಿಲ್ಲ. “ಅದ್ಹೆಂಗೆ ಸಾರ್? ನಾವು ಕೊಬ್ಬರಿ ಒಂದೇ ಸಲ ಮಾರೋದಿಲ್ಲ. ಒಂದಿಷ್ಟು ಈಗ, ಒಂದಿಷ್ಟು ಗೌರಿ ಹಬ್ಬಕ್ಕೆ, ಒಂದಿಷ್ಟು ಆಮೇಲೆ. ಬೆಲೆ ಯಾವಾಗ ಏನಾಗ್ತೈತೆ ಯಾರಿಗ್ ಗೊತ್ತು? ನಮ್ಮಪ್ಪಾನೂ ಹಂಗೇ ಮಾಡ್ತಿದ್ದ. ಅದು ತಪ್ಪಾ?”

ತಪ್ಪಲ್ಲ. ಕೊಬ್ಬರಿಗೆ ಅದು ಸರಿಯಾದ ಲೆಕ್ಕ. ಆದರೆ ಕೊಬ್ಬರಿಗೂ ಷೇರಿಗೂ ಇರುವ ವ್ಯತ್ಯಾಸ ಇಲ್ಲೇ ಇರುವುದು. ತೆಂಗಿನಕಾಯನ್ನ ಅಟ್ಟಕ್ಕೆ ಹಾಕಿ ಹತ್ತು–ಹನ್ನೊಂದು ತಿಂಗಳು ಒಣಗಿಸಿದರೆ ಉಂಡೆ ಕೊಬ್ಬರಿ ಆಗುತ್ತೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಆಮೇಲೆ ಚೀಲದಲ್ಲಿ ಎಷ್ಟು ದಿನ ಇಟ್ಟರೂ ಒಂದು ಕೊಬ್ಬರಿ ಎರಡಾಗಲ್ಲ. ಬೆಲೆಯೂ ಅಷ್ಟೇ. ತಿಪಟೂರು ಎಪಿಎಂಸಿಯಲ್ಲಿ 2023ರಲ್ಲಿ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಬಿದ್ದದ್ದು 2025ರಲ್ಲಿ 20 ಸಾವಿರ ದಾಟಿ ಹೋಯಿತು. ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ. ವರ್ಷ ವರ್ಷ ಏರಲೇಬೇಕು ಅನ್ನುವ ಒತ್ತಾಯ ಅದಕ್ಕಿಲ್ಲ. ಹಾಗಾಗಿ ಮಾರುವುದನ್ನ ಹಂಚಿದರೆ ಕಳೆದುಕೊಳ್ಳುವುದು ಕಮ್ಮಿ, ಒಂದೇ ದಿನದ ಕೆಟ್ಟ ಬೆಲೆಯಿಂದ ಬಚಾವಾಗುವುದು ಜಾಸ್ತಿ.

ಷೇರು ಹಾಗಲ್ಲ. ಅದು ಚೀಲದಲ್ಲಿರುವ ಕೊಬ್ಬರಿ ಅಲ್ಲ, ತೋಟದಲ್ಲಿರುವ ಮರ. ನಿಫ್ಟಿಯ 50 ಕಂಪನಿಗಳು ನೀವು ಕಾಯುತ್ತಿರುವಾಗಲೂ ದುಡಿಯುತ್ತಿರುತ್ತವೆ, ಲಾಭ ಮಾಡುತ್ತಿರುತ್ತವೆ. ತೋಟ ಕೊಳ್ಳುವುದನ್ನ ಒಂದು ವರ್ಷ ಮುಂದೂಡಿದರೆ ಒಂದು ವರ್ಷದ ಫಸಲು ಹೋಯಿತು. ಕಾಯುವುದಕ್ಕೆ ಬಾಡಿಗೆ ಇದೆ.

ಆ ಬಾಡಿಗೆ ಎಷ್ಟು? ಲೆಕ್ಕ ಹಾಕೋಣ. 24 ಲಕ್ಷವನ್ನ 12 ಕಂತು ಮಾಡಿದರೆ ಮೊದಲ ತಿಂಗಳು 22 ಲಕ್ಷ ಹೊರಗೆ ಕಾಯುತ್ತೆ, ಮುಂದಿನ ತಿಂಗಳು 20, ಹೀಗೆ ಇಳಿಯುತ್ತೆ. ವರ್ಷಪೂರ್ತಿ ಸರಾಸರಿ 11 ಲಕ್ಷ ಕಾಯುತ್ತಾ ಕೂತಂತೆ. ಷೇರು ಪೇಟೆ ದೀರ್ಘಾವಧಿಯಲ್ಲಿ ಬ್ಯಾಂಕ್ ಬಡ್ಡಿಗಿಂತ ಶೇಕಡಾ 5 ಹೆಚ್ಚು ಕೊಡುತ್ತೆ ಅಂದುಕೊಂಡರೆ, 11 ಲಕ್ಷಕ್ಕೆ 55 ಸಾವಿರ. ಅದೇ ಸರಾಸರಿ ಬಾಡಿಗೆ. ಬೆಳೆ ವಿಮೆಗೆ ಪ್ರೀಮಿಯಂ ಕಟ್ಟುತ್ತೀರಲ್ಲ, ಹಾಗೆ. ಮಳೆ ಚೆನ್ನಾಗಿ ಬಂದರೆ ಪ್ರೀಮಿಯಂ ಹೋಯಿತು ಅಂತ ಅಳುವುದಿಲ್ಲ. 2008 ಬಂದರೆ ವಿಮೆ ಕೈಹಿಡಿಯುತ್ತೆ, 2021 ಬಂದರೆ ಪ್ರೀಮಿಯಂ ಹೋಗುತ್ತೆ. ಕಂತು ಅನ್ನುವುದು ಲಾಭ ಹೆಚ್ಚಿಸುವ ಉಪಾಯ ಅಲ್ಲ ವೀಕ್ಷಕರೇ, ಅದು ವಿಮೆ. ಈ ಒಂದು ಮಾತು ತಲೆಯಲ್ಲಿದ್ದರೆ ಉಳಿದದ್ದೆಲ್ಲ ತಾನಾಗೇ ಅರ್ಥವಾಗುತ್ತೆ.

“ಸರಿ ಸಾರ್, ಆದ್ರೆ ಈಗ ದುಬಾರಿ ಅಂತ ಕಣ್ಣಿಗೇ ಕಾಣ್ತೈತಲ್ಲ?” ಅಂದರು ಅವರು. ಒಳ್ಳೇ ಪ್ರಶ್ನೆ.

ದುಬಾರಿಯೋ ಅಗ್ಗವೋ ಅಂತ ನೋಡುವುದಕ್ಕೆ ಎಲ್ಲರೂ ಬಳಸುವ ಅಳತೆ ಪಿ-ಇ. ಒಂದು ರೂಪಾಯಿ ಲಾಭಕ್ಕೆ ಎಷ್ಟು ರೂಪಾಯಿ ಬೆಲೆ ಕೊಡುತ್ತಿದ್ದೀವಿ ಅನ್ನುವ ಲೆಕ್ಕ. 2021ರ ಫೆಬ್ರವರಿಯಲ್ಲಿ ನಿಫ್ಟಿಯ ಪಿ-ಇ 40ರ ಮೇಲಿತ್ತು. 2008ರ ಜನವರಿ ಶಿಖರದಲ್ಲೂ ಅಷ್ಟಿರಲಿಲ್ಲ. ಅಂದರೆ ಈ ಅಳತೆ ಪ್ರಕಾರ 2021 ಇನ್ನೂ ಅಪಾಯದ ವರ್ಷ ಆಗಬೇಕಿತ್ತು. ಆದದ್ದು ತದ್ವಿರುದ್ಧ. ಯಾಕೆ? ಲಾಕ್‌ಡೌನಿನಲ್ಲಿ ಕಂಪನಿಗಳ ಲಾಭ ನೆಲ ಕಚ್ಚಿತ್ತು. ಭಾಗಿಸುವ ಸಂಖ್ಯೆ ಚಿಕ್ಕದಾದಾಗ ಉತ್ತರ ದೊಡ್ಡದಾಗಿ ಕಾಣುತ್ತೆ. ಇನ್ನೊಂದು ತಮಾಷೆ ಕೇಳಿ. 2021ರ ಮಾರ್ಚ್ ಕೊನೆಗೆ ಎನ್‌ಎಸ್‌ಇ ತನ್ನ ಲೆಕ್ಕದ ಪದ್ಧತಿ ಬದಲಿಸಿ, ಕಂಪನಿಗಳ ಅಂಗಸಂಸ್ಥೆಗಳ ಲಾಭವನ್ನೂ ಸೇರಿಸಿಕೊಂಡಿತು. ಒಂದೇ ದಿನದಲ್ಲಿ ಪಿ-ಇ 40ರಿಂದ 33ರ ಆಸುಪಾಸಿಗೆ ಇಳಿಯಿತು. ಮಾರ್ಕೆಟ್ಟು ಅಗ್ಗ ಆಗಿರಲಿಲ್ಲ, ಅಳತೆ ಕೋಲು ಬದಲಾಗಿತ್ತು.

ಹಾಗಂತ ಪಿ-ಇ ದಂಡ ಅಂತಲ್ಲ. ದುಬಾರಿ ಪೇಟೆಯಲ್ಲಿ ಕೊಂಡವರಿಗೆ ಮುಂದಿನ ಏಳೆಂಟು, ಹತ್ತು ವರ್ಷಗಳಲ್ಲಿ ಸಾಮಾನ್ಯವಾಗಿ ಆದಾಯ ಕಮ್ಮಿ ಬರುತ್ತೆ. ಅಷ್ಟನ್ನ ಅದು ಹೇಳುತ್ತೆ. ಆದರೆ ಮುಂದಿನ 12 ತಿಂಗಳಲ್ಲಿ ಬೀಳುತ್ತೋ ಏಳುತ್ತೋ ಅನ್ನುವುದನ್ನ ಹೇಳಲ್ಲ. ನಮ್ಮ ಕಂತು ಇರುವುದು 12 ತಿಂಗಳಿಗೆ. ಹತ್ತು ವರ್ಷದ ಸೂಚನೆ ಇಟ್ಟುಕೊಂಡು ಈ ವರ್ಷದ ತಿಂಗಳು ಆರಿಸುವುದಕ್ಕೆ ಆಗಲ್ಲ.

ಹಾಗಾದರೆ ದುಬಾರಿ ಅನ್ನಿಸಿದಾಗ ಬದಲಿಸಬೇಕಾದದ್ದು ಏನು? ಹಾಕುವ ವೇಗ ಅಲ್ಲ, ಹಾಕುವ ಮೊತ್ತ. ನಾನು ಅವರಿಗೆ ಹೇಳಿದ್ದು ಇದನ್ನೇ. “24 ಲಕ್ಷ ಒಂದು ವರ್ಷದಲ್ಲಿ 12 ಲಕ್ಷ ಆದ್ರೆ ತಡ್ಕೊಳ್ತೀರಾ? ನಿಜ ಹೇಳಿ.” ಸ್ವಲ್ಪ ಹೊತ್ತು ಮಾತಿಲ್ಲ. “ಇಲ್ಲ ಸಾರ್, ಮನೇಲಿ ಊಟ ಸೇರಲ್ಲ.” “12 ಲಕ್ಷ ಹಾಕಿ ಅದು 6 ಆದ್ರೆ?” “ಅದು... ಹಂಗೂ ಹಿಂಗೂ ತಡ್ಕೋಬೋದು. ಮಿಕ್ಕಿದ್ದು ಬ್ಯಾಂಕಲ್ಲಿ ಇರ್ತೈತಲ್ಲ.” ಅಲ್ಲಿಗೆ ಉತ್ತರ ಸಿಕ್ಕಿತು. ಷೇರು ಪೇಟೆಗೆ 12 ಲಕ್ಷ. ಉಳಿದ 12 ಎಫ್‌ಡಿ, ಅಂಚೆ ಕಚೇರಿ. ಅವರ ಉಳಿದ ಆದಾಯವೂ ಕೊಬ್ಬರಿ ಬೆಲೆಯ ಜೊತೆ ಕುಣಿಯುವಂಥದ್ದು. ಅಂಥವರಿಗೆ ಅರ್ಧ ಭಾಗ ಅಲ್ಲಾಡದೆ ಇರಬೇಕು.

ಇದು ಯಾಕೆ ಮುಖ್ಯ ಅಂದರೆ, ಕಂತಿನ ರಕ್ಷಣೆ ಕಂತು ಮುಗಿಯುವ ತನಕ ಮಾತ್ರ. 2006ರ ಡಿಸೆಂಬರ್‌ನಿಂದ 2007ರ ನವೆಂಬರ್ ತನಕ ತಿಂಗಳು ತಿಂಗಳು ಹಾಕಿದವರನ್ನ ನೋಡಿ. ಏರುವ ಪೇಟೆಯಲ್ಲಿ ಅವರಿಗೆ ಬಿದ್ದ ಸರಾಸರಿ ಬೆಲೆ ಸುಮಾರು 4,400. ಮೊದಲ ದಿನವೇ ಒಟ್ಟಿಗೆ ಹಾಕಿದ್ದರೆ 3,966. ಕೊನೆಯ ಕಂತು ಮುಗಿದ ಮೇಲೆ 2008 ಬಂತು, ಇಬ್ಬರೂ ಬಿದ್ದರು, ಕಂತಿನವರು ಇನ್ನೂ ಜಾಸ್ತಿ ಬಿದ್ದರು. ಕೊನೇ ಕಂತಿನ ಮಾರನೇ ದಿನ ನಿಮ್ಮ 12 ಲಕ್ಷವೂ ಪೇಟೆಯಲ್ಲೇ ಇರುತ್ತೆ. ಆಗ ಕಾಪಾಡುವುದು ಬ್ಯಾಂಕಿನಲ್ಲಿರುವ ಉಳಿದರ್ಧ, ಕಂತಲ್ಲ.

ಕೆಲವರು ಭಯಕ್ಕೆ ಕಂತನ್ನ ಮೂರು ವರ್ಷ, ಐದು ವರ್ಷ ಎಳೆಯುತ್ತಾರೆ. ಅದು ಕಂತಲ್ಲ. ‘ನನಗೆ ಇಷ್ಟು ದುಡ್ಡು ಪೇಟೆಯಲ್ಲಿರುವುದು ಇಷ್ಟವಿಲ್ಲ’ ಅನ್ನುವುದನ್ನ ಬಾಯಿಬಿಟ್ಟು ಹೇಳದೆ ಇರುವ ರೀತಿ. ಹಾಗಿದ್ದರೆ ಮೊತ್ತವನ್ನೇ ಇಳಿಸಿ, ಆರು ತಿಂಗಳು ಅಥವಾ ಒಂದು ವರ್ಷದಲ್ಲಿ ಮುಗಿಸಿ. 24 ಲಕ್ಷದ ಬದಲು 12 ಲಕ್ಷ ಮಾಡಿದಾಗ ಕಾಯುವ ಬಾಡಿಗೆಯೂ 55 ಸಾವಿರದಿಂದ 27 ಸಾವಿರ ಚಿಲ್ಲರೆಗೆ ಇಳಿಯಿತು ನೋಡಿ.

ಮಾಡುವ ಕ್ರಮ ದೊಡ್ಡದಲ್ಲ. 12 ಲಕ್ಷವನ್ನ ಒಂದು ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ ಅದೇ ಕಂಪನಿಯ ನಿಫ್ಟಿ ಇಂಡೆಕ್ಸ್ ಫಂಡಿಗೆ ತಿಂಗಳಿಗೆ 1 ಲಕ್ಷ ತಾನಾಗೇ ಹೋಗುವಂತೆ ಬರೆದುಕೊಡುವುದು. ಇದಕ್ಕೆ ಎಸ್‌ಟಿಪಿ ಅಂತಾರೆ. ಅದು ಬೇಡ, ಗೊಂದಲ ಅನ್ನುವವರು ಬ್ಯಾಂಕ್ ಖಾತೆಯಿಂದಲೇ ಎಸ್‌ಐಪಿ ಹಾಕಿದರೂ ಸರಿ. ವ್ಯತ್ಯಾಸ ಅಲ್ಪ. ಒಂದು ವಿಷಯ ತಿಳಿದಿರಲಿ. ಲಿಕ್ವಿಡ್ ಫಂಡಿನಿಂದ ಹೋಗುವ ಪ್ರತಿ ಕಂತೂ ಕಾನೂನಿನ ಕಣ್ಣಲ್ಲಿ ಒಂದು ಮಾರಾಟ, ಅದರ ಸಣ್ಣ ಲಾಭ ನಿಮ್ಮ ಆದಾಯಕ್ಕೆ ಸೇರುತ್ತೆ. ಆ ಕಡೆ ಇಂಡೆಕ್ಸ್ ಫಂಡಿನಲ್ಲಿ ಒಂದು ವರ್ಷದ ಎಣಿಕೆ ಪ್ರತಿ ಕಂತಿಗೂ ಬೇರೆ ಬೇರೆ ಶುರುವಾಗುತ್ತೆ.

ಕೆಡುವುದು ಇಲ್ಲಿ ಯಾವುದೂ ಅಲ್ಲ. ಕೆಡುವುದು ನಡುವೆ ನಿಲ್ಲಿಸಿದಾಗ.

2025ರ ಫೆಬ್ರವರಿ ಕೊನೆಗೆ ಅವರದ್ದೇ ಫೋನು ಮತ್ತೆ ಬಂತು. ಐದು ಕಂತು ಹೋಗಿತ್ತು. ನಿಫ್ಟಿ 22,100ರ ಆಸುಪಾಸು. “ಸಾರ್, ಹಾಕಿದ್ದೆಲ್ಲ ಕಮ್ಮಿ ಆಗೈತೆ. ಸ್ವಲ್ಪ ದಿನ ನಿಲ್ಲಿಸ್ಬಿಡ್ಲಾ? ಸರಿಹೋದ್ಮೇಲೆ ಮತ್ತೆ ಹಾಕ್ತೀನಿ.” ನಾನು ಕೇಳಿದೆ, “ಯಜಮಾನ್ರೇ, ಒಂದು ವರ್ಷ ಪ್ರೀಮಿಯಂ ಕಟ್ಟಿ, ಮಳೆ ಕೈಕೊಟ್ಟ ವರ್ಷ ವಿಮೆ ಬೇಡ ಅಂತ ಬರೆದುಕೊಡ್ತೀರಾ?” ನಕ್ಕರು. ನಿಲ್ಲಿಸಲಿಲ್ಲ.

2008ರಲ್ಲೂ ಇದೇ ನಡೆದದ್ದು. ಅಕ್ಟೋಬರ್, ನವೆಂಬರ್ ಕಂತು ನಿಲ್ಲಿಸಿದವರು ಬಾಡಿಗೆಯನ್ನೆಲ್ಲ ಕಟ್ಟಿ ವಿಮೆಯ ಹಣ ತೆಗೆದುಕೊಳ್ಳದೆ ಎದ್ದು ಹೋದರು. ಅದಕ್ಕೇ ಕೊನೇ ಕಂತಿನ ತಾರೀಖನ್ನ ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಬರೆದಿಡಿ. ನೀವು ದಾರಿ ತಪ್ಪಿದ್ದೀರಾ ಅಂತ ತಿಳಿಯುವುದಕ್ಕೆ ಒಂದೇ ಗುರುತು ಸಾಕು. ತಾರೀಖಿನ ಪ್ರಕಾರ ಹೋಗಬೇಕಾದ ಕಂತು ಹೋಗಿದೆಯಾ, ಇಲ್ಲವಾ? ಇಲ್ಲ ಅಂದರೆ ನೀವು ಕಂತು ಕಟ್ಟುತ್ತಿಲ್ಲ, ಮಾರ್ಕೆಟ್ಟಿನ ಭವಿಷ್ಯ ಹೇಳುತ್ತಿದ್ದೀರಿ. ಸುಮ್ಮನೆ ಖಾತೆಯಲ್ಲಿ ಬಿಟ್ಟ ದುಡ್ಡಿಗೆ ಇನ್ನೊಂದು ಅಪಾಯವೂ ಇದೆ. ದೊಡ್ಡ ಬ್ಯಾಲೆನ್ಸ್ ನೋಡಿ ‘ಒಂದೇ ಪ್ರೀಮಿಯಂ ಸಾರ್’ ಅಂತ ಪಾಲಿಸಿ ಹಿಡಿದು ಬರುವವರು, ಕೈಸಾಲ ಕೇಳುವ ನೆಂಟರು, ಸೈಟು ತೋರಿಸುವವರು ಮಾರ್ಕೆಟ್ಟಿಗಿಂತ ಬೇಗ ಬರುತ್ತಾರೆ.

2025ರ ಸೆಪ್ಟೆಂಬರ್ ಕೊನೆಗೆ ಅವರ ಹನ್ನೆರಡನೇ ಕಂತು ಮುಗಿಯಿತು. ನಿಫ್ಟಿ ಸುಮಾರು 24,600. ಹಿಂದಿನ ಸೆಪ್ಟೆಂಬರ್ ಕೊನೆಗೆ ಒಟ್ಟಿಗೆ ಹಾಕಿದ್ದರೆ 12 ಲಕ್ಷ ಹನ್ನೊಂದೂವರೆ ಲಕ್ಷಕ್ಕೂ ಕೊಂಚ ಕಮ್ಮಿ ಆಗಿರುತ್ತಿತ್ತು. ಕಂತಿನಲ್ಲಿ ಹೋದದ್ದರಿಂದ 12 ಲಕ್ಷದ 25 ಸಾವಿರದ ಹತ್ತಿರ ಇತ್ತು. ಖುಷಿಯಲ್ಲಿ ಫೋನ್ ಮಾಡಿ “ನೀವು ಹೇಳಿದ್ದು ಸರಿ ಆಯ್ತು ಸಾರ್” ಅಂದರು.

ಇಲ್ಲ, ನಾನು ಮಾರ್ಕೆಟ್ಟು ಬೀಳುತ್ತೆ ಅಂತ ಹೇಳೇ ಇರಲಿಲ್ಲ. ಈ ಸಲ ವಿಮೆ ಕೈಹಿಡಿಯಿತು, ಅಷ್ಟೇ. ಅದೇ ವರ್ಷ 2021ರ ಹಾಗೆ ಓಡಿದ್ದರೆ ಪ್ರೀಮಿಯಂ ಹೋಗುತ್ತಿತ್ತು, ಆಗಲೂ ತೀರ್ಮಾನ ತಪ್ಪಾಗುತ್ತಿರಲಿಲ್ಲ. ಮೂರರಲ್ಲಿ ಎರಡು ಸಲ ಒಟ್ಟಿಗೆ ಹಾಕುವುದೇ ಗೆಲ್ಲುತ್ತೆ ಅನ್ನುವುದು ಗೊತ್ತಿದ್ದೂ, ಆ ಮೂರನೇ ಸಲ ನಮ್ಮ ಮನೆಗೇ ಬಂದರೆ ತಡೆಯಲಾರೆ ಅನ್ನುವವರಿಗೆ ಕಂತು. ತಡೆಯಬಲ್ಲೆ ಅನ್ನುವವರಿಗೆ ಇಡುಗಂಟು. ಇಬ್ಬರಿಗೂ ಅದಕ್ಕೆ ಮೊದಲು ಒಂದು ಪ್ರಶ್ನೆ ಇದೆ. ಅರ್ಧ ಆದರೂ ಮನೆಯಲ್ಲಿ ಊಟ ಸೇರುವಷ್ಟು ಮೊತ್ತ ಯಾವುದು? ಆ ಅಂಕಿ ಬರೆದುಕೊಂಡ ಮೇಲೆ ಮಾತ್ರ ನಮ್ಮ ಪರದೆಯ ಕೆಳಗೆ ಓಡುವ ದಾಖಲೆ ಪಟ್ಟಿಯನ್ನ ನೋಡಿ. ಆಗ ಅದು ನಿಮ್ಮನ್ನ ಅಷ್ಟಾಗಿ ಹೆದರಿಸುವುದಿಲ್ಲ.